ನೋಂಬಿಗೆ ಎಷ್ಟು ಹುಡುಗರು ಬೇಕು?

ಶಾಬಾನ್ ತಿಂಗಳ ಅರ್ಧ ಕಳೆಯಿತೆಂದರೆ ಬಟ್ಟೆ ಅಂಗಡಿ ಇರುವ ಬ್ಯಾರಿ ಮನೆಗಳಲ್ಲಿ ಒಂದು ಮಾತು ಎದ್ದೇ ಏಳುತ್ತದೆ: ಈ ಸಲ ನೋಂಬಿಗೆ ಎಷ್ಟು ಹುಡುಗರು ಬೇಕು? ನಮ್ಮದು ಉಪ್ಪಳದಲ್ಲಿ ಒಂದು ಮಧ್ಯಮ ಗಾತ್ರದ ಅಂಗಡಿ. ಚೂಡಿದಾರ, ಸೀರೆ, ಶರ್ಟ್ ಬಟ್ಟೆ, ಮಕ್ಕಳ ರೆಡಿಮೇಡ್ ಮಾರುತ್ತೇವೆ. ವರ್ಷವಿಡೀ ಐದು ಜನ ಕೆಲಸಕ್ಕಿದ್ದಾರೆ, ಗಲ್ಲಾದಲ್ಲಿ ಉಪ್ಪ ಅಥವಾ ನಾನು. ಆ ಪ್ರಶ್ನೆಗೆ ಉಪ್ಪನ ಉತ್ತರ ಇಪ್ಪತ್ತು ವರ್ಷಗಳಿಂದ ಒಂದೇ: "ಕೊನೆಯ ಹತ್ತು ದಿನಕ್ಕೆ ನಾಲ್ಕು ಹುಡುಗರು." ಈ ಸೂತ್ರ ಎಲ್ಲಿ ಸರಿ, ಎಲ್ಲಿ ಸಾಲದು ಎಂದು 2025ರ ಪೆರ್ನಾಲ್‌ಗೆ ಮೊದಲು ಲೆಕ್ಕ ಹಾಕಿ ನೋಡಿದೆ. ನಮ್ಮವರಲ್ಲಿ ವ್ಯಾಪಾರದವರು ಬಹಳ ಇರುವುದರಿಂದ ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಇಡುತ್ತಿದ್ದೇನೆ.

ಮೊದಲನೆಯದು, ಯಾವ ವಾರ ಜನ ಹೆಚ್ಚು ಬರುತ್ತಾರೆ ಎಂಬುದು. ಓಣಂಗೋ ಶಾಲೆ ಶುರುವಾಗುವ ಜೂನ್‌ಗೋ ಆದರೆ ಹೋದ ವರ್ಷದ ಅದೇ ವಾರವನ್ನು ನೋಡಿದರೆ ಹೆಚ್ಚುಕಡಿಮೆ ಸಾಕು. ಪೆರ್ನಾಲ್ ಹಾಗಲ್ಲ. ಅದು ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. ನಮ್ಮ ಕಡೆ 2023ರಲ್ಲಿ ಏಪ್ರಿಲ್ 22ಕ್ಕೆ, 2024ರಲ್ಲಿ ಏಪ್ರಿಲ್ 10ಕ್ಕೆ, 2025ರಲ್ಲಿ ಮಾರ್ಚ್ 31ಕ್ಕೆ ಬಂತು. ಆದ್ದರಿಂದ ಬಿಲ್ಲುಗಳನ್ನು ತಾರೀಕಿನ ಪ್ರಕಾರ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಪೆರ್ನಾಲ್‌ಗೆ ಎಷ್ಟು ದಿನ ಮೊದಲು ಎಂದು ಎಣಿಸಬೇಕು. ಹಳೆಯ ಬಿಲ್ಲುಗಳನ್ನು ಕಂಪ್ಯೂಟರಿನಿಂದ ತೆಗೆದು, ತಾರೀಕಿನ ಪಕ್ಕದಲ್ಲಿ "10 ದಿನ ಮೊದಲು", "9 ದಿನ ಮೊದಲು" ಎಂದು ಬರೆದೆ. ಹಾಗೆ ಬರೆದಾಗ ಎರಡು ವರ್ಷಗಳ ಏರಿಳಿತ ಒಂದರ ಮೇಲೊಂದು ಕೂತಿತು.

ಇಲ್ಲಿ ರೂಪಾಯಿಯನ್ನು ಎಣಿಸಬಾರದು, ಬಿಲ್ಲುಗಳನ್ನು ಎಣಿಸಬೇಕು. ಬೆಲೆ ಏರಿದಾಗ ರೂಪಾಯಿ ಏರುತ್ತದೆ, ಕೆಲಸ ಏರುವುದಿಲ್ಲ. ಎಂಟು ಸಾವಿರದ ಮದುವೆ ಸೀರೆಯ ಬಿಲ್ಲಿಗೂ ಎಂಟು ನೂರರ ಮಕ್ಕಳ ಡ್ರೆಸ್ಸಿನ ಬಿಲ್ಲಿಗೂ ಸಮಯದಲ್ಲಿ ಹತ್ತು ಪಟ್ಟು ವ್ಯತ್ಯಾಸ ಇರುವುದಿಲ್ಲ.

ಪೆರ್ನಾಲ್‌ಗೆ ಮುಂಚಿನ ಹತ್ತು ದಿನಗಳಲ್ಲಿ 2023ರಲ್ಲಿ 1,650 ಬಿಲ್ಲು ಆಗಿತ್ತು, 2024ರಲ್ಲಿ 1,720. ಆದರೆ ಇದರಲ್ಲಿ ವಿಷುವಿನ ಗಿರಾಕಿಗಳೂ ಸೇರಿದ್ದರು. ವಿಷು ಪ್ರತಿ ವರ್ಷ ಏಪ್ರಿಲ್ 14 ಅಥವಾ 15ಕ್ಕೆ ಬರುವ ಹಬ್ಬ, ಜಾಗ ಬಿಟ್ಟು ಕದಲುವುದಿಲ್ಲ. 2023ರಲ್ಲಿ ಅದು ಪೆರ್ನಾಲ್‌ಗೆ ಒಂದು ವಾರ ಮೊದಲು ಬಂದಿತ್ತು, 2024ರಲ್ಲಿ ಪೆರ್ನಾಲ್ ಕಳೆದು ನಾಲ್ಕೇ ದಿನಕ್ಕೆ. 2025ರಲ್ಲಿ ಎರಡರ ನಡುವೆ ಎರಡು ವಾರದ ಅಂತರ. ಅಂದರೆ ನಮ್ಮ ಎರಡು ವರ್ಷದ ಲೆಕ್ಕದಲ್ಲೂ ಇದ್ದ ವಿಷುವಿನ ಜನ ಮೂರನೆಯ ವರ್ಷ ಆ ಹತ್ತು ದಿನಗಳಲ್ಲಿ ಬರುವವರಲ್ಲ.

ಇದನ್ನು ಬೇರ್ಪಡಿಸುವುದು ಕಷ್ಟವಾಗಲಿಲ್ಲ. ಮುಂಡು, ಕಸವು ಸೀರೆ ಇರುವ ಬಿಲ್ಲುಗಳನ್ನು ಬದಿಗೆ ಹಾಕಿದೆ. ಅಷ್ಟು ನಿಖರ ಅಲ್ಲ, ಆದರೆ ಅಂದಾಜಿಗೆ ಸಾಕು. 2023ರಲ್ಲಿ 210, 2024ರಲ್ಲಿ 180 ಬಿಲ್ಲು ಹೊರಗೆ ಹೋಯಿತು. ಉಳಿದದ್ದು 1,440 ಮತ್ತು 1,540. ಇದರಲ್ಲಿ ಏರಿಕೆ ನೂರಕ್ಕೆ ಏಳು. ಅದೇ ಏರಿಕೆ ಹಿಡಿದರೆ 2025ಕ್ಕೆ 1,650ರ ಹತ್ತಿರ ಬರುತ್ತದೆ. ನಾನು 1,600 ಎಂದು ಇಟ್ಟುಕೊಂಡೆ. ಯಾಕೆಂದರೆ ಆ ವರ್ಷದ ಕೊನೆಯ ಹತ್ತು ದಿನ ಮಾರ್ಚ್ 21ರಿಂದ 30, ತಿಂಗಳ ಕೊನೆ. ಸಂಬಳ ಮುಗಿದಿರುವ ಹೊತ್ತು, ಗಲ್ಫಿನಿಂದ ಹಣ ಬರುವ ಮೊದಲಿನ ಹೊತ್ತು. ವಿಷುವನ್ನು ಬೇರ್ಪಡಿಸದೆ ಹಳೆಯ ಸಂಖ್ಯೆಯನ್ನೇ ಮುಂದೆ ಎಳೆದಿದ್ದರೆ 1,790 ಆಗುತ್ತಿತ್ತು. ಆ 190 ಬಿಲ್ಲಿನ ವ್ಯತ್ಯಾಸ ಕೆಲಸದ ಲೆಕ್ಕದಲ್ಲಿ 80 ಗಂಟೆ, ಎಂದರೆ ಒಬ್ಬ ಹುಡುಗನ ಹತ್ತು ದಿನದ ದುಡಿಮೆ.

ಈ 1,600 ಹತ್ತು ದಿನಕ್ಕೂ ಸಮವಾಗಿ ಹಂಚಿಹೋಗುವುದಿಲ್ಲ. ಹಿಂದಿನ ಎರಡು ವರ್ಷದ ಆಕಾರ ನೋಡಿದರೆ ಮೊದಲ ಐದು ದಿನಗಳಲ್ಲಿ ನೂರಕ್ಕೆ 35, ಮಧ್ಯದ ಮೂರು ದಿನಗಳಲ್ಲಿ 33, ಕೊನೆಯ ಎರಡೇ ದಿನಗಳಲ್ಲಿ 32. ದಿನದ ಲೆಕ್ಕಕ್ಕೆ ತಂದರೆ ಮೊದಲು 112 ಬಿಲ್ಲು, ಆಮೇಲೆ 176, ಕೊನೆಗೆ 256.

ಇನ್ನು ಬಿಲ್ಲನ್ನು ಗಂಟೆಯಾಗಿ ಬದಲಿಸುವುದು. ಡಿಪ್ಲೊಮಾದಲ್ಲಿ ವರ್ಕ್ ಸ್ಟಡಿ ಎಂದು ಒಂದು ಪಾಠ ಇತ್ತು. ಲೇತ್ ಮುಂದೆ ಸ್ಟಾಪ್‌ವಾಚ್ ಹಿಡಿದು ನಿಂತು, ಒಂದು ಕೆಲಸವನ್ನು ತುಂಡುತುಂಡಾಗಿ ಬಿಡಿಸಿ, ಪ್ರತಿ ತುಂಡಿಗೆ ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಬರೆಯುವುದು. ಅದನ್ನೇ ಅಂಗಡಿಯಲ್ಲಿ ಮಾಡಿದೆ. ನೋಂಬಿಗೆ ಮೊದಲು ನಾಲ್ಕು ದಿನ, ಫೋನನ್ನು ಗಲ್ಲಾದ ಮೇಜಿನ ಕೆಳಗೆ ಇಟ್ಟುಕೊಂಡು ನಲವತ್ತು ಕುಟುಂಬಗಳ ಸಮಯ ಹಿಡಿದೆ. "ಗಿರಾಕಿಗೆ ಗೊತ್ತಾದರೆ ಎದ್ದು ಹೋಗುತ್ತಾರೆ ಮೋನೆ" ಎಂದು ಉಪ್ಪ ಎಚ್ಚರಿಸಿದ್ದರು. ಯಾರಿಗೂ ಗೊತ್ತಾಗಲಿಲ್ಲ.

ಖರೀದಿ ಮಾಡುವ ಒಂದು ಕುಟುಂಬಕ್ಕೆ ಸರಾಸರಿ 18 ನಿಮಿಷ ಬೇಕು. ಇದರಲ್ಲಿ 12 ನಿಮಿಷ ತೋರಿಸುವುದು, ಮಾತಾಡುವುದು. 6 ನಿಮಿಷ ಬಿಚ್ಚಿದ ಬಟ್ಟೆಯನ್ನು ಮಡಚಿ ಮತ್ತೆ ಅದರ ಜಾಗಕ್ಕೆ ಇಡುವುದು. ಇದಲ್ಲದೆ ನಾಲ್ಕು ಕುಟುಂಬ ಬಂದರೆ ಒಂದು ಏನನ್ನೂ ಕೊಳ್ಳದೆ ಹೋಗುತ್ತದೆ, ಅದಕ್ಕೂ 9 ನಿಮಿಷ ಹೋಗುತ್ತದೆ. ಆ 9 ನಿಮಿಷವನ್ನು ಕೊಳ್ಳುವ ಮೂವರ ಮೇಲೆ ಹಂಚಿದರೆ ಬಿಲ್ಲಿಗೆ 3 ನಿಮಿಷ. ಒಟ್ಟು 21 ನಿಮಿಷ. ಹೆಚ್ಚಿನವರು ಬಿಟ್ಟುಬಿಡುವುದು ಈ 3 ನಿಮಿಷವನ್ನು, ಅದು ಬಿಲ್ಲಿನಲ್ಲಿ ಕಾಣುವುದಿಲ್ಲವಲ್ಲ.

ಕೆಲಸಗಾರನ ಒಂದು ಗಂಟೆಯಲ್ಲಿ 60 ನಿಮಿಷವೂ ಕೌಂಟರಿಗೆ ಸಿಗುವುದಿಲ್ಲ. ನಮಾಝ್, ಒಂದು ಲೋಟ ನೀರು, ಗೋದಾಮಿಗೆ ಒಂದು ಓಟ ಎಲ್ಲ ಕಳೆದು 50 ನಿಮಿಷ ಎಂದು ಹಿಡಿದೆ. ಆದ್ದರಿಂದ ಸೂತ್ರ ಇಷ್ಟೇ: ಬಿಲ್ಲುಗಳ ಸಂಖ್ಯೆ ಗುಣಿಸು 21, ಭಾಗಿಸು 50. ಇದರ ಮೇಲೆ ಬೇಲ್ ಬಿಚ್ಚುವುದು, ಬೆಲೆ ಚೀಟಿ ಅಂಟಿಸುವುದಕ್ಕೆ ದಿನಕ್ಕೆ 4 ಗಂಟೆ. ಹಾಗೆ ಲೆಕ್ಕ ಹಾಕಿದರೆ ಮೊದಲ ಐದು ದಿನಗಳಲ್ಲಿ ದಿನಕ್ಕೆ 51 ಗಂಟೆ ಕೆಲಸ, ಮಧ್ಯದ ಮೂರು ದಿನ 78, ಕೊನೆಯ ಎರಡು ದಿನ 112.

ನಮ್ಮ ಐದು ಜನರಿಂದ ಸಿಗುವುದು ದಿನಕ್ಕೆ 40 ಗಂಟೆ. ಕೇರಳದ ಅಂಗಡಿ ಕಾಯ್ದೆಯ ಪ್ರಕಾರ ದಿನಕ್ಕೆ ಎಂಟು ಗಂಟೆ, ವಾರಕ್ಕೊಂದು ರಜೆ. ಎಂಟರ ಮೇಲೆ ದುಡಿಸಿದರೆ ದುಪ್ಪಟ್ಟು ಕೂಲಿ. ನೋಂಬಿನಲ್ಲಿ ಎಂಟು ಗಂಟೆಯೇ ದೊಡ್ಡದು. ಹಿಂದೆಲ್ಲ ಪೆರ್ನಾಲ್ ಕಳೆದ ಮರುದಿನ ನಮ್ಮ ಐವರಲ್ಲಿ ಇಬ್ಬರಾದರೂ ಜ್ವರ ಬಂದು ಮಲಗುತ್ತಿದ್ದರು. ಅವರಲ್ಲಿ ಒಬ್ಬರು ನಾನು ಶಾಲೆಗೆ ಹೋಗುವಾಗಿನಿಂದ ನಮ್ಮಲ್ಲಿರುವವರು, ಈಗ ಮೊಣಕಾಲು ನೋವು. ಈ ಲೆಕ್ಕಕ್ಕೆ ಕೂತದ್ದು ಹಣ ಉಳಿಸಲು ಎನ್ನುವುದಕ್ಕಿಂತ, ಅವರು ಇನ್ನೂ ಕೆಲವು ವರ್ಷ ನಮ್ಮೊಂದಿಗಿರಲಿ ಎಂದು. ಆದ್ದರಿಂದ ಮೊದಲ ಐದು ದಿನಗಳಲ್ಲಿ ದಿನಕ್ಕೊಬ್ಬರಂತೆ ಐವರಿಗೂ ರಜೆ ಬರೆದೆ. ಆಗ ಅವರಿಂದ ಸಿಗುವುದು ದಿನಕ್ಕೆ 32 ಗಂಟೆ, ಆಮೇಲೆ 40.

ಹಾಗಾದರೆ ಹೊರಗಿನಿಂದ ಬೇಕಾದದ್ದು ದಿನಕ್ಕೆ 19 ಗಂಟೆ, 38 ಗಂಟೆ, 72 ಗಂಟೆ. ಇಲ್ಲಿ ಉಪ್ಪನ ನಾಲ್ಕು ಹುಡುಗರನ್ನು ಇಟ್ಟು ನೋಡಿ. ನಾಲ್ವರೆಂದರೆ ದಿನಕ್ಕೆ 32 ಗಂಟೆ. ಆದರೆ ಹೊಸ ಹುಡುಗನಿಗೆ ಯಾವ ಥಾನು ಎಲ್ಲಿದೆ ಗೊತ್ತಿಲ್ಲ, ಅಳತೆ ಗೊತ್ತಿಲ್ಲ. ಅನುಭವಿ ಎರಡು ಗಂಟೆಯಲ್ಲಿ ಮಾರುವುದನ್ನು ಮಾರಲು ಅವನಿಗೆ ಮೂರು ಗಂಟೆ ಬೇಕು. ಅಂದರೆ ಅವರ 32 ಗಂಟೆ ನಿಜವಾಗಿ 21 ಗಂಟೆ. ಮೊದಲ ಐದು ದಿನಗಳಿಗೆ ಬೇಕಾದದ್ದು 19. ಉಪ್ಪನ ಅಂದಾಜು ಬಾಣದಂತೆ ನಾಟಿದೆ. ಮಧ್ಯದ ಮೂರು ದಿನಕ್ಕೆ ಅದು ಅರ್ಧ ಮಾತ್ರ, ಕೊನೆಯ ಎರಡು ದಿನಕ್ಕೆ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಆ ಎರಡು ದಿನದ ಕೊರತೆಯನ್ನೇ ನಮ್ಮ ಐವರು ತಮ್ಮ ಮೈಮೇಲೆ ಹೊರುತ್ತಿದ್ದರು.

ಹಾಗೆಂದು ಕೊನೆಯ ಎರಡು ದಿನಕ್ಕೆ ಹೊಸಬರನ್ನು ತುಂಬಿಸಿದರೆ ಆಗುತ್ತದೆಯೇ? ಆ 72 ಗಂಟೆಯ ಕೆಲಸಕ್ಕೆ ಹೊಸಬರ 108 ಗಂಟೆ ಬೇಕು, ಹದಿಮೂರು ಹದಿನಾಲ್ಕು ಹುಡುಗರು. ನಮ್ಮ ಕೌಂಟರಿನ ಹಿಂದೆ ಹತ್ತು ಜನ ನಿಂತರೆ ಹನ್ನೊಂದನೆಯವನಿಗೆ ಕೈ ಆಡಿಸಲು ಜಾಗ ಇಲ್ಲ. ಇನ್ನೊಂದು ತೊಂದರೆಯೂ ಇತ್ತು. ಹಿಂದಿನ ಎರಡು ವರ್ಷ ಕೊನೆಯ ಹತ್ತು ದಿನ ಬೇಸಿಗೆ ರಜೆಗೆ ಕೂಡಿ ಬಂದಿದ್ದರಿಂದ ಕಾಲೇಜು ಹುಡುಗರು ಧಾರಾಳ ಸಿಗುತ್ತಿದ್ದರು. ಮಾರ್ಚ್ ಎಂದರೆ ನಮ್ಮ ಕಡೆ ಪರೀಕ್ಷೆಯ ತಿಂಗಳು. ಮರುದಿನ ಪರೀಕ್ಷೆ ಇರುವವನನ್ನು ರಾತ್ರಿ ಹನ್ನೆರಡೂವರೆವರೆಗೆ ನಿಲ್ಲಿಸುವುದು ಯಾವ ನ್ಯಾಯ?

ದಾರಿ ಸಿಕ್ಕಿದ್ದು ಆ 6 ನಿಮಿಷದಲ್ಲಿ. ಮಡಚುವುದಕ್ಕೆ ಅನುಭವ ಬೇಡ. ಅರ್ಧ ದಿನ ತೋರಿಸಿಕೊಟ್ಟರೆ ಹೊಸ ಹುಡುಗನೂ ಹಳಬನಷ್ಟೇ ಬೇಗ ಮಡಚುತ್ತಾನೆ. ಅಲ್ಲಿ ಮೂರಕ್ಕೆ ಎರಡು ಎಂಬ ಸೋರಿಕೆ ಇಲ್ಲ. ಇನ್ನೊಂದು ವಿಷಯ, ಮಡಚುವುದನ್ನು ಮುಂದೂಡಬಹುದು. ರಾತ್ರಿ ಬಿಚ್ಚಿದ್ದನ್ನು ಬದಿಯ ಕೋಣೆಗೆ ಹಾಕಿ ಬೆಳಿಗ್ಗೆ ಮಡಚಬಹುದು. ಗಿರಾಕಿಯನ್ನು ಮುಂದೂಡಲು ಆಗುವುದಿಲ್ಲ. ಆದ್ದರಿಂದ ಕೆಲಸವನ್ನು ಎರಡು ಮಾಡಿದೆ: ಬಿಲ್ಲಿಗೆ 15 ನಿಮಿಷ ಮಾರುವುದು, 6 ನಿಮಿಷ ಮಡಚುವುದು.

ಕೊನೆಯ ಎರಡು ದಿನಗಳಲ್ಲಿ ದಿನಕ್ಕೆ 256 ಬಿಲ್ಲು ಎಂದರೆ ಮಾರಲು 77 ಗಂಟೆ, ಮಡಚಲು ಮತ್ತು ಬೇಲ್ ಬಿಚ್ಚಲು 35 ಗಂಟೆ. ಮಾರುವುದರಲ್ಲಿ 40 ಗಂಟೆ ನಮ್ಮ ಐವರದು. ಉಳಿದ 37 ಗಂಟೆಗೆ ಅನುಭವಿಗಳೇ ಬೇಕು, ಅವರು ಊರಲ್ಲೇ ಇದ್ದರು. ಹಿಂದೆ ನಮ್ಮಲ್ಲಿ ದುಡಿದು ಈಗ ಬೇರೆ ಕೆಲಸಕ್ಕೆ ಹೋದವರು, ಗಲ್ಫಿನಲ್ಲಿ ಬಟ್ಟೆ ಅಂಗಡಿಯಲ್ಲಿದ್ದು ಬಂದವರು, ಮನೆಯಲ್ಲೇ ಚೂಡಿದಾರ ಮಾರುವ ನಮ್ಮ ಸಂಬಂಧಿಕ ಹೆಂಗಸರು. ಇವರಲ್ಲಿ ಯಾರೂ ಹತ್ತು ದಿನ ಬರುವವರಲ್ಲ. ಆದರೆ ಎರಡು ದಿನ ಕೆಲವು ಗಂಟೆ ಎಂದರೆ ಇಲ್ಲ ಎನ್ನುವುದಿಲ್ಲ. ಎಷ್ಟು ಜನ ಎಂದು ಕೇಳುವ ಬದಲು ಎಷ್ಟು ಗಂಟೆ ಎಂದು ಕೇಳಿದ್ದರಿಂದಲೇ ಇವರು ಲೆಕ್ಕದೊಳಗೆ ಬಂದರು.

ಆ 37 ಗಂಟೆ ಯಾವ ಹೊತ್ತಿಗೆ ಬೇಕು ಎಂಬುದು ಬಿಲ್ಲಿನ ಮೇಲಿನ ಸಮಯದಲ್ಲಿ ಇರುತ್ತದೆ. ಇಫ್ತಾರ್ ಹೊತ್ತಿಗೆ ಅಂಗಡಿ ಖಾಲಿ. ತರಾವೀಹ್ ಕಳೆದು ರಾತ್ರಿ ಒಂಬತ್ತರಿಂದ ಹನ್ನೆರಡೂವರೆಯೊಳಗೆ ದಿನದ ಬಿಲ್ಲುಗಳಲ್ಲಿ ನೂರಕ್ಕೆ 45, ಸುಮಾರು 115 ಬಿಲ್ಲು. ಅದಕ್ಕೆ ಮಾರುವ ಕೈ 35 ಗಂಟೆಯಷ್ಟು ಬೇಕು. ಮೂರೂವರೆ ಗಂಟೆಯಲ್ಲಿ 35 ಗಂಟೆಯ ಕೆಲಸ ಎಂದರೆ ಹತ್ತು ಜನ. ಕೌಂಟರಿನ ಹಿಂದೆ ಹಿಡಿಸುವುದೂ ಅಷ್ಟೇ. ನಮ್ಮ ಐವರು ಮಧ್ಯಾಹ್ನದ ಮೇಲೆ ಬಂದು ರಾತ್ರಿವರೆಗೆ ಇರುವಂತೆ, ಹಳಬರು ಐವರು ರಾತ್ರಿ ಮೂರೂವರೆ ಗಂಟೆಗೆ ಮಾತ್ರ ಬರುವಂತೆ ಮಾಡಿದೆವು. ಹಗಲು ಹತ್ತರಿಂದ ಐದರೊಳಗೆ ಮೂವರು ಹೆಂಗಸರು, ತಲಾ ಆರೂವರೆ ಗಂಟೆ. ರಾತ್ರಿಯ ಹದಿನೇಳೂವರೆ, ಹಗಲಿನ ಹತ್ತೊಂಬತ್ತೂವರೆ, ಒಟ್ಟು 37. ಮಡಚುವ 35 ಗಂಟೆಗೆ ಹದಿನೆಂಟು ದಾಟಿದ ಐವರು ಕಾಲೇಜು ಹುಡುಗರು, ತಲಾ ಏಳು ಗಂಟೆ, ಅವರವರ ಪರೀಕ್ಷೆ ನೋಡಿಕೊಂಡು ಬೆಳಿಗ್ಗೆಯೋ ಸಂಜೆಯೋ.

ಇದೇ ರೀತಿ ಮಧ್ಯದ ಮೂರು ದಿನಗಳಿಗೆ ಮಾರುವ ಅನುಭವಿಗಳು ದಿನಕ್ಕೆ 13 ಗಂಟೆ, ಮಡಚುವ ಹುಡುಗರು 25 ಗಂಟೆ. ಮೊದಲ ಐದು ದಿನ ಮಡಚಲು 17 ಗಂಟೆ, ಅಂದರೆ ಇಬ್ಬರು ಹುಡುಗರು ಸಾಕು. ಮಾರುವುದರಲ್ಲಿ ಕಡಿಮೆ ಬೀಳುವ ಎರಡು ಗಂಟೆಗೆ ನಾನೇ ಕೌಂಟರಿಗೆ ಇಳಿದೆ. ಎಲ್ಲ ಕೂಡಿಸಿದಾಗ ಹೊರಗಿನಿಂದ ಬೇಕಾದದ್ದು ಹತ್ತು ದಿನಕ್ಕೆ 343 ಗಂಟೆ. ಉಪ್ಪನ ನಾಲ್ವರು ಹುಡುಗರದು 320 ಗಂಟೆ. ಇದನ್ನು ತೋರಿಸಿದಾಗ ಉಪ್ಪ ನಕ್ಕರು: "ನಾನು ಹೇಳಿದ್ದೇ ಅಲ್ಲವಾ?" ಹೌದು, ಒಟ್ಟು ಗಂಟೆ ಅವರು ಹೇಳಿದ್ದೇ. ಅದನ್ನು ಯಾವ ದಿನ, ಯಾವ ಹೊತ್ತಿಗೆ, ಯಾರ ಕೈಗೆ ಕೊಡುವುದು ಎಂಬುದು ಮಾತ್ರ ಬದಲಾಗಿತ್ತು.

ಅಂದಾಜು ಅಂದಾಜೇ. ಅದಕ್ಕೆ ಎರಡು ಕಡೆ ಸಡಿಲ ಬಿಟ್ಟೆವು. ಒಂದು, ಚಂದ್ರ. ನೋಂಬು 29ಕ್ಕೆ ಮುಗಿಯುತ್ತದೋ 30ಕ್ಕೋ ಎಂಬುದು ಖಾಝಿಯವರ ಘೋಷಣೆಯವರೆಗೆ ಯಾರಿಗೂ ಗೊತ್ತಿಲ್ಲ. ಲೆಕ್ಕವನ್ನು 29ಕ್ಕೆ ಹಾಕಿ, 30 ಆದರೆ ಇನ್ನೊಂದು ದಿನ ಅದೇ ಕೂಲಿಗೆ ಬರಬೇಕೆಂದು ಎಲ್ಲರೊಂದಿಗೂ ಮೊದಲೇ ಮಾತಾಡಿಕೊಂಡೆವು. 30ಕ್ಕೆ ಹಾಕಿ 29ಕ್ಕೆ ಮುಗಿದರೆ ಅತಿ ಹೆಚ್ಚು ಜನ ಬೇಕಾದ ದಿನವೇ ಕೈತಪ್ಪುತ್ತದೆ. ಎರಡು, ಕೊನೆಯ ಎರಡು ದಿನಕ್ಕೆ ಇಬ್ಬರು ಹಳಬರನ್ನು ಕರೆದರೆ ಬರುವಂತೆ ಹೇಳಿ ಇಟ್ಟೆವು. ಆ ದಿನಗಳಲ್ಲಿ ಒಬ್ಬ ಹೆಚ್ಚಾದರೆ ಹೋಗುವುದು ಅವನ ಕೂಲಿ ಮಾತ್ರ. ಒಬ್ಬ ಕಡಿಮೆಯಾದರೆ ಗಂಟೆಗೆ ಎರಡು ಮೂರು ಕುಟುಂಬ ಎದ್ದು ಹೋಗುತ್ತದೆ, ಪೆರ್ನಾಲ್ ಬಟ್ಟೆ ಕೊಳ್ಳದೆ ಅವರು ಮನೆಗೆ ಹೋಗುವವರಲ್ಲ, ಕಾಸರಗೋಡಿಗೋ ಮಂಗಳೂರಿಗೋ ಹೋಗುತ್ತಾರೆ. ಮೊದಲ ಐದು ದಿನಗಳಲ್ಲಿ ಇದು ತಿರುಗಾಮುರುಗ, ಕಾಯುವಷ್ಟು ಸಮಯ ಅವರಿಗೂ ಇರುತ್ತದೆ. ಅಲ್ಲಿ ಜನ ಕಡಿಮೆ ಇಡುವುದೇ ಲೇಸು.

ಆದದ್ದು ಹೀಗೆ. ಮೊದಲ ಐದು ದಿನ 560 ಬಿಲ್ಲಿನ ಜಾಗದಲ್ಲಿ 490. ಮಧ್ಯದ ಮೂರು ದಿನ 528ರ ಜಾಗದಲ್ಲಿ 510. ಈ ಹಂತದಲ್ಲಿ ನಮ್ಮ ಮನೆಯಲ್ಲೇ, ಈ ವರ್ಷ ವ್ಯಾಪಾರ ಇಲ್ಲ, ಕೊನೆಯ ದಿನದ ಜನರನ್ನು ಕಡಿಮೆ ಮಾಡೋಣ ಎಂಬ ಮಾತು ಬಂತು. ವ್ಯಾಪಾರ ಇಳಿದಿದೆಯೋ ತಡವಾಗಿದೆಯೋ ಎಂದು ತಿಳಿಯಲು ಒಂದು ದಾರಿ ಇದೆ: ಕೊಳ್ಳದೆ ಹೋಗುವವರನ್ನು ನೋಡುವುದು. ನಾಲ್ಕಕ್ಕೆ ಒಬ್ಬರು ಹೋಗುತ್ತಿದ್ದಲ್ಲಿ ಆ ವಾರ ಮೂರಕ್ಕೆ ಒಬ್ಬರು ಹೋಗುತ್ತಿದ್ದರು. ಬಣ್ಣ, ಬೆಲೆ ಎಲ್ಲ ನೋಡಿಕೊಂಡು "ಆಮೇಲೆ ಬರ್ತೇವೆ" ಎನ್ನುತ್ತಿದ್ದರು. ಜನ ಬರುತ್ತಿದ್ದಾರೆ, ಹಣ ಬಂದಿಲ್ಲ, ತಿಂಗಳ ಕೊನೆಯಲ್ಲವೇ. ಆದ್ದರಿಂದ ಯಾರನ್ನೂ ಬಿಡಲಿಲ್ಲ, ಹೇಳಿ ಇಟ್ಟಿದ್ದ ಇಬ್ಬರನ್ನೂ ಕರೆದೆವು. ಕೊನೆಯ ಎರಡು ದಿನ 512ರ ಜಾಗದಲ್ಲಿ 560 ಬಿಲ್ಲು ಆಯಿತು. ಕೌಂಟರಿನಲ್ಲಿ ಜಾಗ ಇಲ್ಲದ್ದರಿಂದ ಆ ಇಬ್ಬರನ್ನು ಜಗಲಿಯಲ್ಲಿ ಮೇಜು ಹಾಕಿ ಮಕ್ಕಳ ರೆಡಿಮೇಡ್‌ಗೆ ನಿಲ್ಲಿಸಿದೆವು. ಒಟ್ಟು 1,560. ಮಾರ್ಚ್ 30ರ ರಾತ್ರಿ ಚಂದ್ರ ಕಂಡ ಸುದ್ದಿ ಬಂದ ಮೇಲೂ ನಮ್ಮ ಐವರೂ ಗೆಲುವಾಗಿಯೇ ಇದ್ದರು. ಪೆರ್ನಾಲ್ ಕಳೆದು ಅಂಗಡಿ ತೆರೆದ ದಿನ ಯಾರ ರಜೆಯ ಫೋನೂ ಬರಲಿಲ್ಲ.

ಮುಂದಿನ ವರ್ಷಗಳಿಗೆ ಇದೇ ಸಂಖ್ಯೆಗಳನ್ನು ಹಾಕಬೇಡಿ. 2027ರ ಪೆರ್ನಾಲ್ ಮಾರ್ಚ್ 10ರ ಆಸುಪಾಸು, ಸಂಬಳದ ದಿನಗಳು ಕೊನೆಯ ಹತ್ತರೊಳಗೇ ಬೀಳುತ್ತವೆ, ಆಗ ನೂಕುನುಗ್ಗಲು ಸ್ವಲ್ಪ ಮೊದಲೇ ಶುರುವಾಗಬಹುದು. 2028ರಲ್ಲಿ ಅದು ಫೆಬ್ರವರಿ ಕೊನೆಗೆ ಹೋಗುತ್ತದೆ, ಮತ್ತೆ ತಿಂಗಳ ಕೊನೆ. ರಜೆಯ ಹುಡುಗರು ಇನ್ನು ಎಷ್ಟೋ ವರ್ಷ ಸಿಗುವವರಲ್ಲ. ನಿಮ್ಮ ಅಂಗಡಿಯದು ಚಪ್ಪಲಿಯೋ ಪಾತ್ರೆಯೋ ಆದರೆ 21 ನಿಮಿಷವೂ ಬೇರೆ, ಅದನ್ನು ಮಡಚುವುದು ಮಾರುವುದು ಎಂದು ಒಡೆಯುವ ಜಾಗವೂ ಬೇರೆ. ಈಗ ನಾಲ್ಕು ದಿನ ಫೋನಿನಲ್ಲಿ ಸಮಯ ಹಿಡಿದು, ಹಳೆಯ ಬಿಲ್ಲುಗಳ ಪಕ್ಕದಲ್ಲಿ ಪೆರ್ನಾಲ್‌ಗೆ ಎಷ್ಟು ದಿನ ಮೊದಲು ಎಂದು ಬರೆದಿಟ್ಟರೆ ಶಾಬಾನ್ ಬರುವಾಗ ಲೆಕ್ಕಕ್ಕೆ ಒಂದು ಸಂಜೆ ಸಾಕು. ನಮ್ಮ ಅಂಗಡಿಯ ಪುಸ್ತಕದಲ್ಲಿ ಈಗ ಪ್ರತಿ ದಿನದ ಬಿಲ್ಲಿನ ಸಂಖ್ಯೆಯ ಕೆಳಗೆ ಇನ್ನೊಂದು ಸಂಖ್ಯೆ ಬೀಳುತ್ತದೆ, ಕೊಳ್ಳದೆ ಹೋದವರದು. ಅದನ್ನು ಬರೆಯುವುದು ಉಪ್ಪ.